ಅಣ್ಣ-ತಂಗಿಯ ನಡುವಿನ ಸಾಲವೂ ಬರವಣಿಗೆಯಲ್ಲಿರಲಿ

ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಎಂದು ಕೇಳಿದರೆ ನಮ್ಮಲ್ಲಿ ಅನೇಕರು ನಮಾಝಿನ ಬಗ್ಗೆಯೋ ಪರಲೋಕದ ಬಗ್ಗೆಯೋ ಇರಬೇಕೆಂದು ಊಹಿಸುತ್ತಾರೆ. ಅದು ಸಾಲದ ಬಗ್ಗೆ. ಅಲ್ ಬಕರಃ ಅಧ್ಯಾಯದ 282ನೇ ಸೂಕ್ತವು, ನಿಗದಿತ ಅವಧಿಗೆ ಸಾಲದ ವ್ಯವಹಾರ ನಡೆಸುವಾಗ ಅದನ್ನು ಬರೆದಿಡಬೇಕೆಂದೂ, ಬರೆಯುವವನು ನ್ಯಾಯದಿಂದ ಬರೆಯಬೇಕೆಂದೂ, ಸಾಕ್ಷಿಗಳಿರಬೇಕೆಂದೂ, ಮೊತ್ತ ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದೆಂದೂ ಕಲಿಸುತ್ತದೆ. ಈ ಆದೇಶ ಅಪರಿಚಿತರಿಗೆ ಮಾತ್ರ, ಒಡಹುಟ್ಟಿದವರಿಗೆ ರಿಯಾಯಿತಿಯಿದೆ ಎಂದು ಆ ಸೂಕ್ತದಲ್ಲಿ ಎಲ್ಲಿಯೂ ಇಲ್ಲ. ಬರೆಯುವುದು ಕಡ್ಡಾಯವೋ ಅಪೇಕ್ಷಣೀಯವೋ ಎಂಬುದರಲ್ಲಿ ವಿದ್ವಾಂಸರ ನಡುವೆ ಚರ್ಚೆಯಿದೆ, ಹೆಚ್ಚಿನವರು ಅಪೇಕ್ಷಣೀಯ ಎಂದಿದ್ದಾರೆ. ಆದರೆ ಬರೆಯದಿರುವುದೇ ಉತ್ತಮ ಎಂದವರು ಯಾರೂ ಇಲ್ಲ.

ನಮ್ಮ ಮನೆಗಳಲ್ಲಿ ಮಾತ್ರ ಬರೆಯದಿರುವುದೇ ಒಳ್ಳೆಯತನವೆಂಬಂತಾಗಿದೆ. ‘ತಂಗಿಯ ಹತ್ತಿರ ತೆಗೆದುಕೊಂಡ ಹಣಕ್ಕೆ ಕಾಗದ ಬರೆಯುವುದೇ?’ ಎಂದು ಅಣ್ಣ ಬೇಸರಿಸಿಕೊಳ್ಳುತ್ತಾನೆ. ಕೇಳಿದರೆ ತವರಿನ ಬಾಗಿಲು ಮುಚ್ಚಬಹುದೆಂದು ತಂಗಿ ಸುಮ್ಮನಾಗುತ್ತಾಳೆ. ನಾಲ್ಕೈದು ವರ್ಷ ಕಳೆದಾಗ ಆ ಹಣ ಸಾಲವಾಗಿತ್ತೋ, ಉಡುಗೊರೆಯಾಗಿತ್ತೋ, ತಂದೆಯ ಆಸ್ತಿಯಲ್ಲಿ ಅವಳಿಗೆ ಬರಬೇಕಾದ ಪಾಲಿನ ಲೆಕ್ಕಕ್ಕೆ ಸೇರಿತೋ ಎಂದು ಹೇಳಬಲ್ಲವರು ಯಾರೂ ಉಳಿಯುವುದಿಲ್ಲ. ಬಡ್ಡಿ ಪಡೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಆ ವ್ಯವಹಾರ ಶುದ್ಧವಾಗಿತ್ತೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಬಡ್ಡಿಯಿಲ್ಲದ ಸಾಲಕ್ಕೆ ಕಾಗದದ ಅಗತ್ಯ ಬಡ್ಡಿ ಸಾಲಕ್ಕಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಬಡ್ಡಿಗೆ ಕೊಟ್ಟವನು ತಿಂಗಳು ತಿಂಗಳು ಬಾಗಿಲಿಗೆ ಬಂದು ಸಾಲವನ್ನು ನೆನಪಿಸುತ್ತಿರುತ್ತಾನೆ. ಬಡ್ಡಿಯಿಲ್ಲದೆ ಕೊಟ್ಟ ತಂಗಿಯ ಸಾಲವನ್ನು ನೆನಪಿಸಲು ಆ ಕಾಗದವಲ್ಲದೆ ಬೇರೇನೂ ಇರುವುದಿಲ್ಲ.

ಇದನ್ನು ಒಂದು ಉದಾಹರಣೆಯಿಂದಲೇ ನೋಡೋಣ. ಕುಂದಗೋಳ ತಾಲೂಕಿನ ಸಂಶಿಯಲ್ಲಿ ಕೃಷಿ ಮಾಡಿಕೊಂಡಿರುವ ಒಬ್ಬ ಅಣ್ಣ, ಹುಬ್ಬಳ್ಳಿಯಲ್ಲಿ ಶಿಕ್ಷಕಿಯಾಗಿರುವ ಒಬ್ಬ ತಂಗಿ ಎಂದು ಭಾವಿಸಿ. ಅಣ್ಣ ಊರಿನಲ್ಲಿ 12 ಲಕ್ಷ ರೂಪಾಯಿಯ ಮನೆಯೊಂದನ್ನು ಕೊಳ್ಳಲು ಮಾತಾಡಿದ್ದಾನೆ. ಖರೀದಿ ಕರಾರು ಬರೆಯುವ ದಿನ 6 ಲಕ್ಷ ಮುಂಗಡ ಕೊಡಬೇಕು. ಉಳಿದ 6 ಲಕ್ಷವನ್ನು ಆರು ತಿಂಗಳೊಳಗೆ, ತನ್ನ ಹೆಸರಿನಲ್ಲಿರುವ ಖಾಲಿ ನಿವೇಶನವನ್ನು ಮಾರಿ, ನೋಂದಣಿಯ ದಿನ ಕೊಡಬೇಕು. ಮುಂಗಡಕ್ಕೆ ಅವನ ಕೈಯಲ್ಲಿರುವುದು 2 ಲಕ್ಷ. ಉಳಿದ 4 ಲಕ್ಷವನ್ನು ತಂಗಿ ತನ್ನ ಸಂಬಳದ ಉಳಿತಾಯದಿಂದ ಕೊಡಲು ಒಪ್ಪಿದ್ದಾಳೆ.

ಮೊದಲು ತೀರ್ಮಾನವಾಗಬೇಕಾದದ್ದು ಈ 4 ಲಕ್ಷ ಏನು ಎಂಬುದು. ಅದು ಮೂರರಲ್ಲಿ ಒಂದಾಗಿರಬಹುದು. ಉಡುಗೊರೆಯಾದರೆ ಅದು ಹಿಂದಿರುಗುವುದಿಲ್ಲ. ಪಾಲುದಾರಿಕೆಯಾದರೆ ಮನೆಯ ಮೂರನೇ ಒಂದು ಭಾಗ ಅವಳದು, ಕ್ರಯಪತ್ರದಲ್ಲಿ ಅವಳ ಹೆಸರೂ ಇರಬೇಕು, ಮನೆಯ ಬೆಲೆ ಏರಿದರೆ ಏರಿಕೆಯಲ್ಲಿಯೂ ಇಳಿದರೆ ಇಳಿಕೆಯಲ್ಲಿಯೂ ಅವಳಿಗೆ ಪಾಲಿದೆ. ಸಾಲವಾದರೆ ಕೊಟ್ಟಷ್ಟೇ ಹಿಂದಿರುಗಬೇಕು, ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ. ಮೂರೂ ಧರ್ಮಸಮ್ಮತವೇ. ಆದರೆ ಮೂರನ್ನೂ ಬೆರೆಸಿದಾಗ ತಕರಾರು ಹುಟ್ಟುತ್ತದೆ. ಕೊಡುವಾಗ ಸಾಲವೆಂದು ಕೊಟ್ಟು, ಮನೆಯ ಬೆಲೆ ಇಮ್ಮಡಿಯಾದಾಗ ಪಾಲು ಕೇಳುವುದು ಸಲ್ಲದು. ಪಾಲೆಂದು ಪಡೆದು, ಬೆಲೆ ಏರಿದ ಮೇಲೆ ‘ನಿನ್ನ ನಾಲ್ಕು ಲಕ್ಷ ತೆಗೆದುಕೋ’ ಎನ್ನುವುದೂ ಸಲ್ಲದು.

ಸಾಲವೆಂದು ನಿಶ್ಚಯಿಸಿದ ಮೇಲೆ ಬಡ್ಡಿ ಎಂಬ ಹೆಸರಿಲ್ಲದೆ ಒಳನುಸುಳುವ ಬಡ್ಡಿಯ ಬಗ್ಗೆ ಎಚ್ಚರವಿರಬೇಕು. ಸಾಲ ತೀರುವವರೆಗೆ ಹೊಸ ಮನೆಯ ಒಂದು ಭಾಗದಲ್ಲಿ ತಂಗಿಯ ಕುಟುಂಬ ಬಾಡಿಗೆಯಿಲ್ಲದೆ ಇರಲಿ ಎಂಬ ಷರತ್ತು ಅನೇಕರಿಗೆ ನಿರಪಾಯವಾಗಿ ಕಾಣುತ್ತದೆ. ಸಾಲ ಕೊಟ್ಟವರಿಗೆ ಷರತ್ತಿನ ಮೂಲಕ ದೊರೆಯುವ ಲಾಭ ಬಡ್ಡಿಯೇ ಎಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ನಮ್ಮ ಪಟ್ಟಣಗಳಲ್ಲಿ ಬಳಕೆಯಲ್ಲಿರುವ ‘ಲೀಸ್’ ಅಥವಾ ಭೋಗ್ಯದ ಪದ್ಧತಿಯನ್ನು, ಅಂದರೆ ದೊಡ್ಡ ಮೊತ್ತವನ್ನು ಕೊಟ್ಟು ಬಾಡಿಗೆಯಿಲ್ಲದೆ ವಾಸಿಸಿ ಕೊನೆಗೆ ಅದೇ ಮೊತ್ತವನ್ನು ಹಿಂಪಡೆಯುವುದನ್ನು, ಉಲಮಾಗಳು ಆಕ್ಷೇಪಿಸುವುದು ಇದೇ ಕಾರಣಕ್ಕೆ. ಹಾಗೆಯೇ ವರ್ಷಕ್ಕೊಮ್ಮೆ ಎರಡು ಚೀಲ ಜೋಳ ಕಳುಹಿಸಬೇಕೆಂಬ ಷರತ್ತೂ ಬಡ್ಡಿಯೇ. ಅಣ್ಣ ಸಾಲಕ್ಕೆ ಮುಂಚೆಯೂ ಪ್ರತಿವರ್ಷ ಕಳುಹಿಸುತ್ತಿದ್ದರೆ ಅದು ಬೇರೆ ವಿಷಯ, ಅದು ಸಂಬಂಧದ ಉಡುಗೊರೆ. ಪ್ರವಾದಿ(ಸ)ಯವರು ಸಾಲವಾಗಿ ಪಡೆದ ಒಂಟೆಗೆ ಪ್ರತಿಯಾಗಿ ಅದಕ್ಕಿಂತ ಉತ್ತಮವಾದ ಒಂಟೆಯನ್ನು ಕೊಡಿಸಿದ್ದು ಸಹೀಹ್ ಹದೀಸ್‌ಗಳಲ್ಲಿದೆ. ಆದರೆ ಅಲ್ಲಿ ಷರತ್ತಿರಲಿಲ್ಲ, ಮುಂಚಿತವಾದ ನಿರೀಕ್ಷೆಯೂ ಇರಲಿಲ್ಲ. ತೀರಿಸುವವನ ಔದಾರ್ಯ ಮಾತ್ರ ಇತ್ತು.

ರೂಪಾಯಿಯ ಮೌಲ್ಯ ಕುಸಿಯುತ್ತದಲ್ಲ, ನಾಲ್ಕು ವರ್ಷಗಳ ನಂತರ ಬರುವ 4 ಲಕ್ಷಕ್ಕೆ ಇಂದಿನ ಬೆಲೆ ಎಲ್ಲಿಯದು ಎಂಬ ಪ್ರಶ್ನೆ ನ್ಯಾಯವಾದದ್ದೇ. 1988ರಲ್ಲಿ ಕುವೈತ್‌ನಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು ಇದನ್ನು ಚರ್ಚಿಸಿ, ಯಾವ ನಾಣ್ಯದಲ್ಲಿ ಸಾಲವಿದೆಯೋ ಆ ನಾಣ್ಯದಲ್ಲಿ ಅಷ್ಟೇ ಮೊತ್ತವನ್ನು ತೀರಿಸಬೇಕು, ಬೆಲೆಸೂಚಿಗೆ ಅದನ್ನು ಜೋಡಿಸುವಂತಿಲ್ಲ ಎಂದು ತೀರ್ಮಾನಿಸಿತು. ಮೌಲ್ಯ ಕುಸಿತದ ಆ ನಷ್ಟವೇ ತಂಗಿ ಅಲ್ಲಾಹನ ಮಾರ್ಗದಲ್ಲಿ ಕೊಡುತ್ತಿರುವುದು. ಕರ್ಝೆ ಹಸನ್ ಎಂದರೆ ಕೊಡುವವರಿಗೆ ಏನೂ ಕಳೆಯದ ವ್ಯವಹಾರವಲ್ಲ. ಇದನ್ನು ಅಣ್ಣ ತಿಳಿದಿದ್ದರೆ ಕಂತನ್ನು ಮುಂದೂಡುವಾಗ ಅವನ ಕೈ ನಡುಗೀತು. ತಂಗಿಗೆ ಈ ನಷ್ಟವನ್ನು ಹೊರಲಾಗದಿದ್ದರೆ ಪಾಲುದಾರಿಕೆಯ ದಾರಿ ತೆರೆದೇ ಇದೆ, ಆದರೆ ಅದನ್ನು ಮೊದಲ ದಿನವೇ ಆರಿಸಿಕೊಳ್ಳಬೇಕು.

ಇನ್ನು ಅವಧಿ. ಸಂಬಳದಾರರು ತಿಂಗಳ ಕಂತಿನಲ್ಲಿ ಯೋಚಿಸುತ್ತಾರೆ. ಕಪ್ಪು ಮಣ್ಣಿನ ಒಕ್ಕಲುತನದಲ್ಲಿ ತಿಂಗಳಿಗೊಮ್ಮೆ ಹಣ ಬರುವುದಿಲ್ಲ. ಹೆಸರಿನ ಪೀಕು ಮಳೆಗಾಲದ ಕೊನೆಗೆ ಕೈಸೇರುತ್ತದೆ, ಮೆಣಸಿನಕಾಯಿ ಬ್ಯಾಡಗಿಯ ಮಾರುಕಟ್ಟೆ ಸೇರುವುದು ಚಳಿಗಾಲ ಕಳೆಯುವ ಹೊತ್ತಿಗೆ. ತಿಂಗಳಿಗೆ ಎಂಟು ಸಾವಿರವೆಂದು ಬರೆದರೆ ಮೂರನೆಯ ತಿಂಗಳಿಗೇ ಮಾತು ತಪ್ಪುತ್ತದೆ, ಒಮ್ಮೆ ತಪ್ಪಿದ ಮಾತು ಮತ್ತೆ ತಪ್ಪಲು ಹಿಂಜರಿಯುವುದಿಲ್ಲ. ಆದ್ದರಿಂದ ಪ್ರತಿವರ್ಷ ಅಕ್ಟೋಬರ್ 31ಕ್ಕೆ 30 ಸಾವಿರ, ಮಾರ್ಚ್ 31ಕ್ಕೆ 70 ಸಾವಿರ ಎಂದು ಬರೆಯಲಿ. ವರ್ಷಕ್ಕೆ 1 ಲಕ್ಷ, ನಾಲ್ಕು ವರ್ಷಗಳಲ್ಲಿ ಎಂಟು ಕಂತುಗಳಿಗೆ ಸಾಲ ತೀರುತ್ತದೆ. ‘ಸುಗ್ಗಿಗೆ ಕೊಡುತ್ತೇನೆ’, ‘ಮೆಣಸಿನಕಾಯಿ ಮಾರಿದಾಗ ಕೊಡುತ್ತೇನೆ’ ಎಂಬ ಮಾತುಗಳನ್ನು ಮಾತ್ರ ಬರೆಯಬಾರದು. ಕುರ್‌ಆನ್ ಹೇಳಿದ್ದು ಹೆಸರಿಸಿದ ಅವಧಿಯನ್ನು. ಸುಗ್ಗಿಯ ದಿನವನ್ನು ಮಳೆ ನಿರ್ಧರಿಸುತ್ತದೆ, ಬೆಲೆ ಬಂದಾಗ ಮಾರುತ್ತೇನೆ ಎಂಬುದಕ್ಕೆ ಕೊನೆಯೇ ಇರುವುದಿಲ್ಲ. ದಿನಾಂಕವನ್ನು ಸುಗ್ಗಿಯ ಲೆಕ್ಕದಲ್ಲಿ ಆರಿಸಬೇಕು, ಕಾಗದದಲ್ಲಿ ಬರೆಯುವುದು ಮಾತ್ರ ದಿನಾಂಕವನ್ನೇ.

ಅವಧಿಯ ವಿಷಯದಲ್ಲಿ ಮದ್‌ಹಬ್‌ಗಳ ನಡುವಿನ ಒಂದು ಭೇದವನ್ನು ತಿಳಿದಿರುವುದು ಒಳ್ಳೆಯದು. ಸಾಲಕ್ಕೆ ಗೊತ್ತುಪಡಿಸಿದ ಅವಧಿಯು ಕೊಟ್ಟವರನ್ನು ಕಾನೂನಿನಂತೆ ಕಟ್ಟಿಹಾಕುವುದಿಲ್ಲ, ಅವರು ಅದಕ್ಕೆ ಮೊದಲೂ ಕೇಳಬಹುದು ಎಂಬುದು ನಮ್ಮ ಭಾಗದಲ್ಲಿ ಹೆಚ್ಚಾಗಿರುವ ಹನಫಿಗಳ ಹಾಗೂ ಕರಾವಳಿಯ ಶಾಫಿಈಗಳ ನಿಲುವು. ಮಾಲಿಕಿಗಳ ಪ್ರಕಾರ ಅವಧಿ ಕೊಟ್ಟವರನ್ನೂ ಬಂಧಿಸುತ್ತದೆ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಉತ್ತಮವೆಂಬುದರಲ್ಲಿ ಭಿನ್ನಮತವಿಲ್ಲ. ಆದರೂ ತಂಗಿಯ ಮನೆಯಲ್ಲಿ ನಾಳೆ ಶಸ್ತ್ರಚಿಕಿತ್ಸೆಯೋ ಮಗಳ ನಿಕಾಹೋ ಎದುರಾಗಬಹುದು. ಆದ್ದರಿಂದ, ಅವಳಿಗೆ ತುರ್ತು ಅಗತ್ಯ ಬಂದರೆ ಮೂರು ತಿಂಗಳ ಮುಂಚೆ ತಿಳಿಸಬೇಕು, ಆಗ ಅಣ್ಣ ಬಾಕಿಯಲ್ಲಿ ಇಷ್ಟು ಮೊತ್ತವನ್ನು ಹೊಂದಿಸಿ ಕೊಡಬೇಕು ಎಂದು ಬರೆದುಕೊಂಡರೆ ಇಬ್ಬರಿಗೂ ನೆಮ್ಮದಿ.

ಈ ಕಾಗದವನ್ನು ಯಾರು ಬರೆಸಬೇಕು? ಸಾಲ ಪಡೆದವನೇ ಹೇಳಿ ಬರೆಸಲಿ ಎನ್ನುತ್ತದೆ ಕುರ್‌ಆನ್. ಈ ಒಂದು ಸೂಚನೆಯಲ್ಲಿ ನಮ್ಮ ಮನೆಗಳ ದೊಡ್ಡ ಸಂಕೋಚಕ್ಕೆ ಪರಿಹಾರವಿದೆ. ‘ಅಣ್ಣಾ, ಒಂದು ಕಾಗದ ಮಾಡಿಕೊಡು’ ಎಂದು ಕೇಳುವ ಹೊರೆಯನ್ನು ಅಲ್ಲಾಹನು ತಂಗಿಯ ಮೇಲೆ ಹಾಕಲಿಲ್ಲ. ಹಣ ಪಡೆಯುವ ಮುಂಚೆಯೇ ಅಣ್ಣ ಕಾಗದ ತಂದು ಮುಂದಿಡಬೇಕು. ಅದರಲ್ಲಿ ಹೀಗಿದ್ದರೆ ಸಾಕು:

‘ನಾನು ನನ್ನ ತಂಗಿಯಿಂದ ಮನೆ ಖರೀದಿಯ ಮುಂಗಡಕ್ಕಾಗಿ 4,00,000 (ನಾಲ್ಕು ಲಕ್ಷ) ರೂಪಾಯಿಗಳನ್ನು ಈ ದಿನ ಬ್ಯಾಂಕ್ ಖಾತೆಯ ಮೂಲಕ ಸಾಲವಾಗಿ ಪಡೆದಿದ್ದೇನೆ. ಇದಕ್ಕೆ ಬಡ್ಡಿಯಾಗಲಿ, ವಿಳಂಬಕ್ಕೆ ದಂಡವಾಗಲಿ, ಬೇರೆ ಯಾವುದೇ ಪ್ರತಿಫಲವಾಗಲಿ ಇಲ್ಲ. ಕೆಳಗಿನ ಪಟ್ಟಿಯ ದಿನಾಂಕಗಳಂದು ಎಂಟು ಕಂತುಗಳಲ್ಲಿ ಅವರ ಖಾತೆಗೆ ಮರುಪಾವತಿಸುತ್ತೇನೆ. ಈ ಹಣದಿಂದ ಅವರಿಗೆ ಮನೆಯಲ್ಲಿ ಪಾಲಿಲ್ಲ, ಆದರೆ ಮನೆಯ ವ್ಯವಹಾರ ಏನೇ ಆದರೂ ನನ್ನ ಸಾಲ ತೀರುವುದಿಲ್ಲ. ಖರೀದಿ ರದ್ದಾಗಿ ಮುಂಗಡ ಹಿಂದಿರುಗಿದರೆ ಹದಿನೈದು ದಿನಗಳೊಳಗೆ ಮೊದಲು ಅವರ ಹಣವನ್ನು ಕೊಡುತ್ತೇನೆ. ಕಂತು ಕಟ್ಟಲಾಗದ ಸಂಕಷ್ಟ ಬಂದರೆ ದಿನಾಂಕಕ್ಕೆ ಮೊದಲೇ ಕಾರಣ ತಿಳಿಸಿ, ಹೊಸ ದಿನಾಂಕವನ್ನು ಇಬ್ಬರೂ ಸಹಿಯೊಂದಿಗೆ ಬರೆಯುತ್ತೇವೆ. ಈ ಸಾಲಕ್ಕೂ ನಮ್ಮ ತಂದೆಯ ಆಸ್ತಿಯಲ್ಲಿ ಅವರಿಗಿರುವ ಪಾಲಿಗೂ ಸಂಬಂಧವಿಲ್ಲ.’

ಇದಕ್ಕೆ ಇಬ್ಬರ ಸಹಿ ಹಾಗೂ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿಗಳು ಅಣ್ಣನ ಹೆಂಡತಿಯೋ ತಂಗಿಯ ಗಂಡನೋ ಆಗದೆ, ಈ ಹಣದಲ್ಲಿ ಹಿತಾಸಕ್ತಿಯಿಲ್ಲದವರಾಗಿರಲಿ. ಜಮಾಅತ್‌ನ ಹಿರಿಯರೊಬ್ಬರು, ಚಿಕ್ಕಪ್ಪನೊಬ್ಬರು ಸಾಕು. ಕಾಗದವು ತಕ್ಕ ಮೌಲ್ಯದ ಇ-ಸ್ಟ್ಯಾಂಪ್ ಮೇಲಿರಲಿ. ಮುದ್ರಾಂಕ ಕಡಿಮೆಯಾದ ಪತ್ರವನ್ನು ನ್ಯಾಯಾಲಯವು ದಂಡ ಕಟ್ಟಿಸಿಕೊಳ್ಳದೆ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಎಷ್ಟರ ಮುದ್ರಾಂಕವೆಂಬುದನ್ನು ತಾಲೂಕಿನ ಪತ್ರ ಬರಹಗಾರರು ಹೇಳುತ್ತಾರೆ.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕೆಂದು ಬರೆದದ್ದಕ್ಕೆ ಕಾರಣವಿದೆ. 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಮರುಪಾವತಿಗೂ ಇಂಥದೇ ನಿಯಮವಿದೆ. ಉಲ್ಲಂಘಿಸಿದರೆ ಸಾಲದ ಮೊತ್ತದಷ್ಟೇ ದಂಡ ಬೀಳಬಹುದು. ರಕ್ತಸಂಬಂಧಿಗಳಿಗೆ ಇದರಲ್ಲಿ ವಿನಾಯಿತಿಯಿಲ್ಲ. ಇಬ್ಬರಿಗೂ ಕೃಷಿ ಆದಾಯ ಮಾತ್ರವಿದ್ದು ತೆರಿಗೆಗೆ ಒಳಪಡುವ ಆದಾಯ ಯಾರಿಗೂ ಇಲ್ಲದಿದ್ದಾಗ ಒಂದು ವಿನಾಯಿತಿ ಉಂಟು, ಆದರೆ ಶಿಕ್ಷಕಿಯಾದ ತಂಗಿಗೆ ಅದು ಅನ್ವಯಿಸದು. ಬಡ್ಡಿಯನ್ನು ಬಿಟ್ಟವರು ದಂಡ ಕಟ್ಟುವಂತಾಗಬಾರದು. ಅದಲ್ಲದೆ ಖಾತೆಯ ವಿವರಪಟ್ಟಿಯೇ ನಿತ್ಯದ ಸಾಕ್ಷಿ. ಈದ್‌ಗೆ ಕೊಡಿಸಿದ ಸೀರೆ, ಆಸ್ಪತ್ರೆಯಲ್ಲಿ ಅಣ್ಣ ಕಟ್ಟಿದ ತಾಯಿಯ ಬಿಲ್ಲು, ಸೋದರಳಿಯನ ಕೈಗಿಟ್ಟ ಎರಡು ಸಾವಿರ ಇವೆಲ್ಲ ವರ್ಷಗಳ ನಂತರ ‘ಕೊಟ್ಟೆನಲ್ಲ’ ಎಂಬ ಲೆಕ್ಕಕ್ಕೆ ಸೇರುತ್ತವೆ. ಖಾತೆಯಿಂದ ಖಾತೆಗೆ, ಕಂತೆಂದು ನಮೂದಿಸಿ ಹೋದದ್ದು ಮಾತ್ರ ಕಂತು ಎಂದಿದ್ದರೆ ಈ ಗೊಂದಲವೇ ಇರುವುದಿಲ್ಲ.

ಕಂತು ತಪ್ಪಿದಾಗ ಏನು ಮಾಡಬೇಕು? ಇಲ್ಲಿ ಎರಡು ಸ್ಥಿತಿಗಳನ್ನು ಬೇರೆಬೇರೆಯಾಗಿಯೇ ನೋಡಬೇಕು. ಮಳೆ ಕೈಕೊಟ್ಟು ಪೀಕು ಹೋಗಿದ್ದರೆ, ಸಂಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕೆಂದೂ, ದಾನವಾಗಿ ಬಿಟ್ಟುಕೊಟ್ಟರೆ ಇನ್ನೂ ಉತ್ತಮವೆಂದೂ ಅದೇ ಅಧ್ಯಾಯದ 280ನೇ ಸೂಕ್ತ ಹೇಳುತ್ತದೆ. ಆದರೆ ಕಂತು ತಪ್ಪಿಸಿದ ವರ್ಷವೇ ಅಂಗಳದಲ್ಲಿ ಹೊಸ ಬೈಕ್ ನಿಂತಿದ್ದರೆ ಅದು ಸಂಕಷ್ಟವಲ್ಲ. ಉಳ್ಳವನು ಸಾಲ ತೀರಿಸಲು ವಿಳಂಬ ಮಾಡುವುದು ಅನ್ಯಾಯ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಮೊದಲನೆಯವನಿಗೆ ಹೊಸ ದಿನಾಂಕ ಬರೆದುಕೊಡಬೇಕು. ಎರಡನೆಯವನ ಬಳಿಗೆ ಸಾಕ್ಷಿಗಳನ್ನು ಕರೆದುಕೊಂಡು ಹೋಗಬೇಕು. ಇಬ್ಬರ ಮೇಲೂ ದಂಡ ವಿಧಿಸಿ ತಂಗಿ ಅದನ್ನು ಪಡೆಯುವಂತಿಲ್ಲ, ಏಕೆಂದರೆ ತಡವಾದದ್ದಕ್ಕೆ ಪಡೆಯುವ ಹೆಚ್ಚುವರಿ ಹಣವೇ ಬಡ್ಡಿಯ ಹಳೆಯ ರೂಪ.

ಹೊಸ ದಿನಾಂಕವನ್ನು ಬಾಯಿಮಾತಿನಲ್ಲಿ ಬಿಡಬಾರದೆನ್ನಲು ಇನ್ನೊಂದು ಕಾರಣವಿದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ. ದಿನಾಂಕವನ್ನೇ ಬರೆಯದೆ ಕೊಟ್ಟ ಸಾಲಕ್ಕೆ ಆ ಮೂರು ವರ್ಷ ಹಣ ಕೊಟ್ಟ ದಿನದಿಂದಲೇ ಓಡಲಾರಂಭಿಸುತ್ತದೆ. ‘ಯಾವಾಗ ಬೇಕಾದರೂ ಕೊಡು’ ಎಂದ ತಂಗಿ ನಾಲ್ಕನೆಯ ವರ್ಷ ಕೇಳುವಷ್ಟರಲ್ಲಿ ನ್ಯಾಯಾಲಯದ ಬಾಗಿಲು ಮುಚ್ಚಿರುತ್ತದೆ. ಕಂತುಗಳನ್ನು ಬರೆದಿದ್ದರೆ ಕಂತಿನ ದಿನಾಂಕದಿಂದ ಎಣಿಕೆ. ಅವಧಿ ಮುಗಿಯುವ ಮುನ್ನ ಅಣ್ಣ ‘ಇಷ್ಟು ಬಾಕಿಯಿದೆ’ ಎಂದು ಸಹಿ ಮಾಡಿಕೊಟ್ಟರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಪ್ರತಿವರ್ಷ ಮಾರ್ಚ್ ಕಂತಿನ ದಿನ ಬಾಕಿಯ ಮೊತ್ತ ಬರೆದು ಸಹಿ ಮಾಡುವ ರೂಢಿ ಇಟ್ಟುಕೊಂಡರೆ ಇಷ್ಟೂ ಭದ್ರ. ನ್ಯಾಯಾಲಯದಲ್ಲಿ ಅವಧಿ ಮೀರಿದ ಸಾಲ ಅಲ್ಲಾಹನ ಬಳಿ ಅವಧಿ ಮೀರುವುದಿಲ್ಲ ಎಂಬುದು ಅಣ್ಣ ಮರೆಯಬಾರದ ಮಾತು.

ಮರಣ ಬಂದರೆ ಈ ಸಾಲ ಹೊಸಬರ ಕೈಗೆ ಹೋಗುತ್ತದೆ. ತಂಗಿ ತೀರಿಕೊಂಡರೆ ಬಾಕಿ ಹಣ ಅವಳ ಪತಿ, ಮಕ್ಕಳು ಮತ್ತಿತರ ವಾರಸುದಾರರದು, ‘ಅವಳು ಬಿಟ್ಟುಬಿಡುತ್ತಿದ್ದಳು’ ಎಂದು ಅಣ್ಣ ಹೇಳುವಂತಿಲ್ಲ. ಅಣ್ಣ ತೀರಿಕೊಂಡರೆ ಅವನ ಆಸ್ತಿ ಹಂಚಿಕೆಯಾಗುವ ಮುಂಚೆ ಸಾಲ ತೀರಬೇಕು. ಅನ್ನಿಸಾ ಅಧ್ಯಾಯವು ಪಾಲುಗಳನ್ನು ಹೇಳುವಾಗಲೆಲ್ಲ ವಸಿಯ್ಯತ್ ಮತ್ತು ಸಾಲದ ನಂತರ ಎಂದು ನೆನಪಿಸುತ್ತದೆ.

ಇದನ್ನು ಪಾಲಿಸಿದ ಒಂದು ಮನೆಯ ವಿವರ ಸಹೀಹುಲ್ ಬುಖಾರಿಯಲ್ಲಿದೆ. ಝುಬೈರ್ ಬಿನ್ ಅವ್ವಾಮ್(ರ)ರಲ್ಲಿ ಜನರು ಹಣವನ್ನು ಅಮಾನತಾಗಿ ಇಡಲು ಬರುತ್ತಿದ್ದರು. ಅದು ಕಳೆದುಹೋದರೆ ಇಟ್ಟವರಿಗೆ ನಷ್ಟವಾದೀತೆಂದು ಅವರು ಅದನ್ನು ತನ್ನ ಮೇಲಿನ ಸಾಲವಾಗಿಯೇ ಸ್ವೀಕರಿಸುತ್ತಿದ್ದರು. ಹಿಜರಿ 36ರಲ್ಲಿ ಅವರು ಹತರಾದಾಗ ಮದೀನಾದಲ್ಲಿ ಹನ್ನೊಂದು ಮನೆಗಳಿದ್ದವು, ಬಸ್ರಾ, ಕೂಫಾ, ಈಜಿಪ್ಟ್‌ಗಳಲ್ಲಿಯೂ ಮನೆಗಳಿದ್ದವು, ಆದರೆ ಕೈಯಲ್ಲಿ ದೀನಾರ್ ದಿರ್ಹಮ್ ಇರಲಿಲ್ಲ. ಸಾಲ ಇಪ್ಪತ್ತೆರಡು ಲಕ್ಷದಷ್ಟಿತ್ತು. ಮಗ ಅಬ್ದುಲ್ಲಾ(ರ) ಜಮೀನು ಮಾರಿ ಸಾಲಗಳನ್ನು ತೀರಿಸಿದರು. ಆಮೇಲೆ ಒಡಹುಟ್ಟಿದವರು ಪಾಲು ಕೇಳಿದಾಗಲೂ ಅವರು ಒಪ್ಪಲಿಲ್ಲ. ನಾಲ್ಕು ವರ್ಷ ಹಜ್ಜ್‌ನ ಸಮಯದಲ್ಲಿ, ಝುಬೈರ್‌ರಿಂದ ಬರಬೇಕಾದದ್ದೇನಾದರೂ ಇದ್ದರೆ ಬನ್ನಿ ಎಂದು ಸಾರಿಸಿದ ಮೇಲೆಯೇ ಆಸ್ತಿಯನ್ನು ಹಂಚಿದರು. ತಂದೆಗೆ ಸಾಲ ಕೊಟ್ಟವರನ್ನು ಮಗನೇ ಸಾರಿ ಕರೆದ ಕಾಲ ಅದು. ನಮ್ಮ ಕಾಲದಲ್ಲಿ ತಂಗಿ ತನ್ನದೇ ಹಣ ಕೇಳಲು ಹೆದರುತ್ತಾಳೆ.

ಕಾಗದದ ಕೊನೆಯ ಸಾಲು, ತಂದೆಯ ಆಸ್ತಿಯ ಕುರಿತಾದದ್ದು, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯ. ತಂದೆ ತಾಯಿ ಇಬ್ಬರೂ ತೀರಿಕೊಂಡು, ಈ ಅಣ್ಣ-ತಂಗಿ ಇಬ್ಬರೇ ವಾರಸುದಾರರಾಗಿದ್ದಾರೆ, ಹಳೆಯ ಮನೆಗೆ 15 ಲಕ್ಷ ಬೆಲೆಯಿದೆ ಎಂದುಕೊಳ್ಳಿ. ಅದರಲ್ಲಿ 10 ಲಕ್ಷ ಅಣ್ಣನದು, 5 ಲಕ್ಷ ತಂಗಿಯದು. ಅವಳಿಗೆ ಈ ಸಾಲದ 4 ಲಕ್ಷವೂ ಬರಬೇಕು, ಪಾಲಿನ 5 ಲಕ್ಷವೂ ಬರಬೇಕು, ಒಟ್ಟು 9 ಲಕ್ಷ. ಬರಹವಿಲ್ಲದ ಮನೆಗಳಲ್ಲಿ ನಡೆಯುವುದು ಹೀಗೆ: ಸಾಲದ ಒಂದೆರಡು ಕಂತುಗಳನ್ನು ಕೊಟ್ಟು ‘ನಿನ್ನ ಪಾಲು ಮುಟ್ಟಿತು’ ಎನ್ನಲಾಗುತ್ತದೆ, ಹಕ್ಕು ಬಿಡುಗಡೆ ಪತ್ರದ ಮೇಲೆ ಅವಳ ಸಹಿ ಬೀಳುತ್ತದೆ. ತನ್ನ ಹಣವನ್ನೇ ತನ್ನ ಪಾಲೆಂದು ಪಡೆದು ಅವಳು ಹುಬ್ಬಳ್ಳಿಯ ರೈಲು ಹತ್ತುತ್ತಾಳೆ. ಅಲ್ಲಾಹನು ನಿಗದಿಪಡಿಸಿದ ಪಾಲೂ ಹೋಯಿತು, ಕರ್ಝೆ ಹಸನ್ ಕೊಟ್ಟ ಹಣವೂ ಹೋಯಿತು. ಇಬ್ಬರೂ ಒಪ್ಪಿ ಒಂದನ್ನು ಇನ್ನೊಂದರಲ್ಲಿ ಹೊಂದಿಸಿಕೊಳ್ಳಬಾರದೆಂದಿಲ್ಲ, ಆದರೆ ಎರಡೂ ಮೊತ್ತಗಳನ್ನು ಬೇರೆಬೇರೆ ಬರೆದು ಕೂಡಿಸಿ ಕಳೆದ ಮೇಲೆ ಮಾತ್ರ.

ಜಮಾಅತ್‌ಗಳು ನಿಕಾಹಿನ ದಫ್ತರನ್ನು ಜೋಪಾನವಾಗಿ ಇಡುತ್ತವೆ. ಅದರ ಪಕ್ಕದಲ್ಲಿ ಇಂತಹ ಸಾಲಪತ್ರಗಳ ಪ್ರತಿಯನ್ನೂ ಇಟ್ಟುಕೊಂಡು, ತೀರಿದ ದಿನ ‘ತೀರಿದೆ’ ಎಂದು ಸಹಿ ಹಾಕಿಸುವ ಕೆಲಸವನ್ನು ಒಂದು ಊರಿನ ಮಸೀದಿ ಆರಂಭಿಸಿದರೂ, ಬಡ್ಡಿಯ ವಿರುದ್ಧ ಮಾಡುವ ಎಷ್ಟೋ ಖುತುಬಾಗಳಿಗೆ ಆಗ ಅರ್ಥ ಬಂದೀತು. ಅಲ್ಲಿಯವರೆಗೆ ಕಾಗದದ ಮೂರು ಪ್ರತಿಗಳನ್ನು ಮಾಡಿ, ಒಂದನ್ನು ಅಣ್ಣ, ಒಂದನ್ನು ತಂಗಿ, ಒಂದನ್ನು ಸಾಕ್ಷಿಯೊಬ್ಬರು ಇಟ್ಟುಕೊಳ್ಳಲಿ. ಹಣ ತಂಗಿಯ ಖಾತೆಯಿಂದ ಹೊರಡುವುದು ಅದರ ನಂತರವೇ.